ಅಕ್ಕನ ಮಗಳ ಮದುವೆಗೆ 40,000 ರೂಪಾಯಿಯ ಚಿನ್ನ: ಓಲೆಯೋ, ಉಂಗುರವೋ, ನಾಣ್ಯವೋ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಅರಸೀಕೆರೆ ಕಡೆ. ಮುಂದಿನ ತಿಂಗಳು ಅಕ್ಕನ ಮಗಳ ಮದುವೆ. ನಾನು ಸೋದರಮಾವ, ಹಾಗಾಗಿ ಚಿನ್ನ ಕೊಡದೆ ಇರುವ ಹಾಗಿಲ್ಲ. ಕಷ್ಟಪಟ್ಟರೆ 40,000 ಹೊಂದಿಸಬಹುದು. ಕಲ್ಲಿನ ಜುಮುಕಿ ನೋಡೋಕೆ ದೊಡ್ಡದಾಗಿ ಕಾಣುತ್ತೆ ಅಂತ ನನ್ನ ಹೆಂಡತಿ. ನಾಣ್ಯ ಕೊಟ್ಟರೆ ದುಡ್ಡು ಹಾಳಾಗಲ್ಲ ಅಂತ ನನ್ನ ತಮ್ಮ. ಅದೇ ತಿಂಗಳ ಕೊನೆಗೆ ತಂಗಿಯ ಮಗುವಿನ ನಾಮಕರಣ ಬೇರೆ ಇದೆ, ಹೆಣ್ಣು ಮಗು. ಅದಕ್ಕೆ 10,000 ಎತ್ತಿಟ್ಟಿದ್ದೇನೆ, ಒಂದು ಪುಟ್ಟ ಉಂಗುರ ಬಂದೀತಾ? ಏನು ಕೊಂಡರೆ ಮೋಸ ಹೋಗದೆ ಇರಬಹುದು?

ಉತ್ತರ:

ನಮ್ಮಪ್ಪ ಅಕ್ಕಸಾಲಿ. ನಾನು ಕುಲುಮೆಯ ಮುಂದೆ ಬೆಳೆದವನು, ಆಮೇಲೆ ಅಂಗಡಿಯ ಕೌಂಟರಿನ ಆಚೆ ಕೂತು ಬಿಲ್ ಬರೆದವನು. ಅಲ್ಲಿ ಕಂಡದ್ದು ಇದು: 4 ಲಕ್ಷದ ಒಡವೆ ಕೊಳ್ಳುವವರಿಗಿಂತ 40,000ದ ಒಡವೆ ಕೊಳ್ಳುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಅಂಗಡಿಯವರು ಕೆಟ್ಟವರು ಎಂದಲ್ಲ, ಸಣ್ಣ ಒಡವೆಯ ಲೆಕ್ಕವೇ ಹಾಗಿದೆ. ಆದ್ದರಿಂದ ಯಾವ ಒಡವೆ ಎಂದು ಹೇಳುವ ಮೊದಲು, ನೀವು ಕೊಡುವ ಪ್ರತಿ ರೂಪಾಯಿಯಲ್ಲಿ ಎಷ್ಟು ಪೈಸೆ ಚಿನ್ನವಾಗಿ ಉಳಿಯುತ್ತದೆ ಎಂಬುದನ್ನು ತೋರಿಸುತ್ತೇನೆ.

ಲೆಕ್ಕ ಸುಲಭವಾಗಲೆಂದು 22 ಕ್ಯಾರೆಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ನೀವು ಅಂಗಡಿಗೆ ಹೋದ ದಿನ ಬೋರ್ಡಿನಲ್ಲಿ ಎಷ್ಟಿದೆಯೋ ಅದನ್ನು ಇದರ ಜಾಗದಲ್ಲಿ ಹಾಕಿಕೊಳ್ಳಿ. ದರ ಏರಿದಷ್ಟು ಸಿಗುವ ತೂಕ ಇಳಿಯುತ್ತದೆ, ಆದರೆ ರೂಪಾಯಿಗೆ ಎಷ್ಟು ಪೈಸೆ ಎಂಬ ಪ್ರಮಾಣ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.

ಮೊದಲು ನಿಮ್ಮ ಮನೆಯವರು ಹೇಳಿದ ಕಲ್ಲಿನ ಜುಮುಕಿಯನ್ನೇ ತೆಗೆದುಕೊಳ್ಳೋಣ. ತಕ್ಕಡಿಗೆ ಇಟ್ಟಾಗ ಮೂರೂವರೆ ಗ್ರಾಂ ತೋರಿಸುತ್ತದೆ ಎನ್ನಿ. ಅದರಲ್ಲಿ ಅರ್ಧ ಗ್ರಾಂ ಕಲ್ಲು. ಉಳಿದ 3 ಗ್ರಾಂ ಚಿನ್ನಕ್ಕೆ 30,000. ಕುಸುರಿ ಕೆಲಸ ಇರುವುದರಿಂದ ವೇಸ್ಟೇಜ್ ಶೇ. 18 ಎಂದರೆ 5,400. ಕಲ್ಲಿಗೆ ಬೇರೆಯಾಗಿ 3,200 ಹಾಕಿದರು. ಒಟ್ಟು 38,600, ಅದರ ಮೇಲೆ ಶೇ. 3 ಜಿಎಸ್‌ಟಿ ಸೇರಿ 39,758. ನೀವು ತೆತ್ತದ್ದು ಸುಮಾರು 40,000, ಹುಡುಗಿಯ ಕೈಗೆ ಹೋದ ಚಿನ್ನ 30,000ದ್ದು. ರೂಪಾಯಿಗೆ 75 ಪೈಸೆ.

ಅದೇ ದುಡ್ಡಿಗೆ ಕಲ್ಲಿಲ್ಲದ, ಸಾದಾ ಕೆಲಸದ ಓಲೆ ಜೋಡಿ ನೋಡಿ. ಮೂರೂವರೆ ಗ್ರಾಂ, ಅಷ್ಟೂ ಚಿನ್ನ, 35,000. ಸ್ವಲ್ಪ ಚೌಕಾಸಿ ಮಾಡಿದರೆ ಇಂಥದಕ್ಕೆ ಶೇ. 10ರ ವೇಸ್ಟೇಜಿಗೆ ಒಪ್ಪುತ್ತಾರೆ, ಅದು 3,500. ಜಿಎಸ್‌ಟಿ ಸೇರಿ 39,655. ರೂಪಾಯಿಗೆ 88 ಪೈಸೆ ಚಿನ್ನ. ಹಾಲ್‌ಮಾರ್ಕ್ ಶುಲ್ಕ ಎಂದು ಒಂದು ಒಡವೆಗೆ 45 ರೂಪಾಯಿ ಮತ್ತು ಅದರ ತೆರಿಗೆ ಬಿಲ್ಲಿನಲ್ಲಿ ಬರುತ್ತದೆ, ಅದನ್ನು ನಾನು ಎರಡೂ ಕಡೆ ಬಿಟ್ಟಿದ್ದೇನೆ.

ತಕ್ಕಡಿಯಲ್ಲಿ ಎರಡೂ ಮೂರೂವರೆ ಗ್ರಾಂ. ಆದರೆ ಒಂದರಲ್ಲಿ ಅರ್ಧ ಗ್ರಾಂ ಚಿನ್ನ ಕಡಿಮೆ. ಆ ಅರ್ಧ ಗ್ರಾಂ 5,000 ರೂಪಾಯಿ, ನಿಮ್ಮ ಬಜೆಟ್ಟಿನ ಎಂಟನೇ ಒಂದು ಪಾಲು.

ವೇಸ್ಟೇಜ್ ಎಂದರೇನು ಎಂದು ಇಲ್ಲೇ ಹೇಳಿಬಿಡುತ್ತೇನೆ. ತಂತಿ ಎಳೆಯುವಾಗ, ಅರ ಹಾಕುವಾಗ, ಪಾಲಿಶ್ ಮಾಡುವಾಗ ಚಿನ್ನದ ಧೂಳು ಹೋಗುತ್ತದೆ, ಅದನ್ನು ತುಂಬಿಕೊಳ್ಳಲು ಹುಟ್ಟಿದ ಮಾತು ಅದು. ನಮ್ಮಪ್ಪನ ಕಾಲದಲ್ಲಿ ಅದು ನಿಜವೂ ಆಗಿತ್ತು. ಕೂತ ಜಾಗದ ಕಸವನ್ನೂ ಗುಡಿಸಿ ಎತ್ತಿಟ್ಟು, ವರ್ಷಕ್ಕೊಮ್ಮೆ ಕರಗಿಸಿ ಚಿನ್ನ ತೆಗೆಯುತ್ತಿದ್ದರು. ಈಗ ಅಚ್ಚಿನಲ್ಲಿ ಎರಕ ಹೊಯ್ದು ಯಂತ್ರದಲ್ಲಿ ನಯ ಮಾಡಿದ ಓಲೆಯಲ್ಲಿ ಹೋಗುವ ಧೂಳು ತೀರಾ ಅತ್ಯಲ್ಪ, ಅದೂ ಮರಳಿ ಕುಲುಮೆಗೇ ಸೇರುತ್ತದೆ. ಹೆಸರು ಮಾತ್ರ ಹಳೆಯದೇ ಉಳಿದಿದೆ. ಅದರೊಳಗೆ ಕೂಲಿ ಇದೆ, ಅಂಗಡಿ ಬಾಡಿಗೆ ಇದೆ, ಲಾಭ ಇದೆ. ಕೆಲವು ಕಡೆ ವಿ.ಎ. ಎಂದು ಬರೆಯುತ್ತಾರೆ, ಕೆಲವು ಕಡೆ ಮೇಕಿಂಗ್ ಎನ್ನುತ್ತಾರೆ. ಚಿನ್ನದ ದರ ಅಂಗಡಿಯವರ ಕೈಯಲ್ಲಿಲ್ಲ, ವೇಸ್ಟೇಜ್ ಅವರ ಕೈಯಲ್ಲಿದೆ. ಆದ್ದರಿಂದ ಚೌಕಾಸಿ ಮಾಡಬೇಕಾದ್ದು ಅಲ್ಲಿ. ಸಂಕೋಚ ಬೇಡ, ಕೌಂಟರಿನ ಹುಡುಗರಿಗೆ ಎಷ್ಟರ ತನಕ ಇಳಿಸಬಹುದು ಎಂದು ಮೊದಲೇ ಹೇಳಿರುತ್ತಾರೆ. ಕೆಳಗೆ ಕೂತವನು ಒಪ್ಪದಿದ್ದರೆ ಯಜಮಾನರ ಹತ್ತಿರ ಹೋಗಿ ಕೇಳಿ.

ವೇಸ್ಟೇಜ್‌ನಲ್ಲಿ ಅರ್ಧಕ್ಕರ್ಧ ರಿಯಾಯಿತಿ ಎಂಬ ಬೋರ್ಡು ಕಂಡರೆ, ಯಾವುದರ ಅರ್ಧ ಎಂದು ಕೇಳಿ. ಶೇ. 24 ಎಂದು ಚೀಟಿ ಹಚ್ಚಿ 12ಕ್ಕೆ ಕೊಟ್ಟರೂ ಅರ್ಧವೇ. ಪಕ್ಕದ ಅಂಗಡಿಯಲ್ಲಿ ಅಂಥದ್ದೇ ಓಲೆಗೆ ಯಾವ ರಿಯಾಯಿತಿಯೂ ಇಲ್ಲದೆ ಹನ್ನೊಂದೇ ಇದ್ದೀತು.

ಇನ್ನು ಕಲ್ಲು. ಇದರಲ್ಲಿ ನಾನೇ ಏಟು ತಿಂದಿದ್ದೇನೆ. ಕೌಂಟರಿಗೆ ಸೇರುವ ಮೊದಲು, ನಮ್ಮಣ್ಣನ ಮಗಳ ಮದುವೆಗೆ ಕೆಂಪು ಕಲ್ಲಿನ ಜುಮುಕಿ ಕೊಂಡಿದ್ದೆ. ಅಕ್ಕಸಾಲಿ ಮಗನಾಗಿಯೂ ಅಂಗಡಿಯ ದೀಪದ ಬೆಳಕಿಗೆ ಮರುಳಾಗಿದ್ದೆ ಎನ್ನಿ. ಒಟ್ಟು ತೂಕಕ್ಕೇ ದುಡ್ಡು ಹಿಡಿದಿದ್ದರು, ನಾನು ಬಿಲ್ಲನ್ನು ಮಡಚಿ ಜೇಬಿಗಿಟ್ಟೆ. ಕೆಲವು ವರ್ಷಗಳ ನಂತರ ಅವಳು ಅದನ್ನು ಕೊಟ್ಟು ಬೇರೆ ಕೊಳ್ಳಲು ಹೋದಾಗ ಕಲ್ಲು ಕಿತ್ತು, ಅಡಿಯ ಅರಗು ಕರಗಿಸಿ ತೂಗಿದರು. 5 ಗ್ರಾಂ ಚಿಲ್ಲರೆ ಇದ್ದದ್ದು 4 ಗ್ರಾಂ ಚಿಲ್ಲರೆಗೆ ಇಳಿಯಿತು. ಅವಳು ನನಗೆ ಏನೂ ಹೇಳಲಿಲ್ಲ. ಅತ್ತಿಗೆ ಹೇಳಿದರು.

ಈಗ ಬಿಲ್ಲಿನಲ್ಲಿ ಒಟ್ಟು ತೂಕ, ನೆಟ್ ತೂಕ ಬೇರೆ ಬೇರೆ ಬರೆಯುತ್ತಾರೆ. ನೆಟ್ ಎಂದರೆ ಕಲ್ಲು, ಮಣಿ, ಅರಗು ಕಳೆದು ಉಳಿದ ಚಿನ್ನ. ಚಿನ್ನದ ದರ, ವೇಸ್ಟೇಜ್ ಎರಡೂ ನೆಟ್ ತೂಕದ ಮೇಲೆಯೇ ಇವೆಯೇ ಎಂದು ನೋಡಿ. ಇನ್ನೊಂದು ಗೊಂದಲ: ಕಲ್ಲಿನ ತೂಕವನ್ನು ಕೆಲವರು ಕ್ಯಾರೆಟ್‌ನಲ್ಲಿ ಬರೆಯುತ್ತಾರೆ. ಆ ಕ್ಯಾರೆಟ್‌ಗೂ 22 ಕ್ಯಾರೆಟ್ ಚಿನ್ನದ ಕ್ಯಾರೆಟ್‌ಗೂ ಸಂಬಂಧವಿಲ್ಲ. ಕಲ್ಲಿನ 1 ಕ್ಯಾರೆಟ್ ಎಂದರೆ 0.2 ಗ್ರಾಂ. ಎರಡೂವರೆ ಕ್ಯಾರೆಟ್ ಕಲ್ಲು ಎಂದರೆ ನಾನು ಮೇಲೆ ಹೇಳಿದ ಅರ್ಧ ಗ್ರಾಂ. ಮರಳಿ ಕೊಡುವಾಗ ಇಂಥ ಸಣ್ಣ ಬಣ್ಣದ ಕಲ್ಲಿಗೆ ಸಾಮಾನ್ಯವಾಗಿ ಯಾರೂ ಬೆಲೆ ಕಟ್ಟುವುದಿಲ್ಲ. ಆ 3,200 ಅಲ್ಲಿಗೆ ಮುಗಿಯಿತು.

ನಿಮ್ಮ ತಮ್ಮನ ಮಾತಿಗೆ ಬರೋಣ. ನಾಣ್ಯದಲ್ಲಿ ದುಡ್ಡು ಹಾಳಾಗುವುದಿಲ್ಲ ಎನ್ನುವುದು ಮುಕ್ಕಾಲು ಪಾಲು ಸರಿ. 22 ಕ್ಯಾರೆಟ್ 10,000 ಇದ್ದ ದಿನ 24 ಕ್ಯಾರೆಟ್ ಸುಮಾರು 10,900 ಇರುತ್ತದೆ. 2 ಗ್ರಾಂನದ್ದೊಂದು, 1 ಗ್ರಾಂನದ್ದೊಂದು ನಾಣ್ಯ ಕೊಂಡರೆ 32,700. ಅಚ್ಚಿನ ಕೂಲಿ ಶೇ. 3 ಎನ್ನಿ, 981. ಜಿಎಸ್‌ಟಿ ಸೇರಿ 34,691. ರೂಪಾಯಿಗೆ 94 ಪೈಸೆ ಚಿನ್ನ. ಇದನ್ನು ಮೀರಿಸುವ ಒಡವೆ ಇಲ್ಲ.

ಆದರೆ ನಮ್ಮ ಕಡೆ ಮದುವೆಯಲ್ಲಿ ಬಂದ ನಾಣ್ಯ ನಾಣ್ಯವಾಗಿ ಎಷ್ಟು ದಿನ ಉಳಿಯುತ್ತದೆ? ವರ್ಷದೊಳಗೆ ಅದನ್ನು ಕೊಟ್ಟು ಏನಾದರೂ ಒಡವೆ ಮಾಡಿಸುತ್ತಾರೆ. ಆಗ ಆ 32,700ಕ್ಕೇ ಒಡವೆಯ ವೇಸ್ಟೇಜ್ ಮತ್ತು ಜಿಎಸ್‌ಟಿ ಹೊಸದಾಗಿ ಬೀಳುತ್ತವೆ. ಶೇ. 10 ವೇಸ್ಟೇಜಿನ ಓಲೆಯನ್ನೇ ಕೊಂಡರೂ ಕೈಗೆ ಬರುವುದು 2.89 ಗ್ರಾಂ. ಅದೇ 34,691 ರೂಪಾಯಿಗೆ ನೀವು ಮೊದಲೇ ಓಲೆ ಕೊಂಡಿದ್ದರೆ 3.06 ಗ್ರಾಂ ಬರುತ್ತಿತ್ತು. ನಾಣ್ಯ ಸುತ್ತಿಕೊಂಡು ಬಂದ ದಾರಿಯಲ್ಲಿ ಎರಡು ಸಲ ಸುಂಕ ಕಟ್ಟಿದ ಹಾಗೆ. ಅವಳು ಅದನ್ನು ಬೀರುವಿನಲ್ಲಿ ಹತ್ತು ವರ್ಷ ಇಡುತ್ತಾಳೆ ಎಂಬ ನಂಬಿಕೆ ನಿಮಗಿದ್ದರೆ ಮಾತ್ರ ನಾಣ್ಯ ಕೊಡಿ. ಕೊಡುವುದಾದರೂ ಬ್ಯಾಂಕಿನಿಂದ ಬೇಡ, ಬ್ಯಾಂಕುಗಳು ನಾಣ್ಯ ಮಾರುತ್ತವೆ, ವಾಪಸ್ ಕೊಳ್ಳುವುದಿಲ್ಲ. ಒಡವೆ ಅಂಗಡಿಯಲ್ಲಿ ಕೊಂಡರೆ, ವಾಪಸ್ ತಂದಾಗ ನಗದು ಕೊಡುತ್ತೀರೋ, ಒಡವೆಯನ್ನೇ ಕೊಳ್ಳಬೇಕೋ ಎಂದು ಕೇಳಿಕೊಂಡು ಬನ್ನಿ.

ಹಾಗಾಗಿ ನನ್ನ ಆಯ್ಕೆ ಸಾದಾ ಓಲೆ. ಪೈಸೆಯ ಲೆಕ್ಕದ ಆಚೆಗೂ ಇದಕ್ಕೆ ಕಾರಣವಿದೆ. ಮದುವೆ ದಿನಕ್ಕೆ ಬೇಕಾದ ದೊಡ್ಡ ಜುಮುಕಿ, ಹಾರ ಎಲ್ಲವನ್ನೂ ಅಪ್ಪ ಅಮ್ಮ ಹೇಗಾದರೂ ಹೊಂದಿಸಿರುತ್ತಾರೆ. ಮದುವೆ ಮುಗಿದು, ಬೀಗರೂಟ ಮುಗಿದು, ಅವಳು ಕೆಲಸಕ್ಕೆ ಹೊರಡುವ ಸೋಮವಾರ ಕಿವಿಗೆ ಏನು ಹಾಕಿಕೊಳ್ಳುತ್ತಾಳೆ ಎಂದು ಯಾರೂ ಯೋಚಿಸಿರುವುದಿಲ್ಲ. ಜುಮುಕಿ ಲಾಕರಿಗೆ ಹೋಗುತ್ತದೆ. ನಿಮ್ಮ ಓಲೆ ಕಿವಿಯಲ್ಲಿ ಇರುತ್ತದೆ.

ಉಂಗುರ ಏಕೆ ಬೇಡ ಎಂದರೆ, ಮುಯ್ಯಿಗೆ ಬರುವ ಚಿನ್ನದಲ್ಲಿ ಹೆಚ್ಚಿನದು ಉಂಗುರವೇ. ಮೂರು ನಾಲ್ಕು ಬಂದು, ಯಾವುದೂ ಅಳತೆಗೆ ಸರಿಯಾಗದೆ ಕೂತಿರುತ್ತವೆ. ಸಾದಾ ಪಟ್ಟಿ ಉಂಗುರವಾದರೆ ಕತ್ತರಿಸಿ, ತುಂಡು ಸೇರಿಸಿ ದೊಡ್ಡದು ಮಾಡಬಹುದು. ಸುತ್ತ ಕಲ್ಲು ಕೂಡಿಸಿದ ಉಂಗುರದಲ್ಲಿ ಅದೂ ಕಷ್ಟ. ಉಂಗುರವೇ ಎಂದು ನಿಮ್ಮ ಅಕ್ಕ ಹೇಳಿದರೆ, ಹುಡುಗಿ ಈಗ ಹಾಕುವ ಒಂದು ಉಂಗುರವನ್ನು ಒಂದು ದಿನದ ಮಟ್ಟಿಗೆ ತರಿಸಿಕೊಂಡು ಅಂಗಡಿಯ ಅಳತೆ ಕಡ್ಡಿಗೆ ಹಾಕಿ ನೋಡಿ.

ಸರಕ್ಕಂತೂ ಈ ದುಡ್ಡಿನಲ್ಲಿ ಕೈ ಹಾಕಬೇಡಿ. ಮೂರೂವರೆ ಗ್ರಾಂನಲ್ಲಿ ಕೊರಳಳತೆಯ ಸರ ಮಾಡಬೇಕಾದರೆ ತಂತಿಯನ್ನು ಕೂದಲಿನಷ್ಟು ತೆಳ್ಳಗೆ ಎಳೆಯಬೇಕು, ಇಲ್ಲವೇ ಒಳಗೆ ಪೊಳ್ಳು ಬಿಡಬೇಕು. ದಿನವೂ ಹಾಕಿದರೆ ಬಟ್ಟೆಗೆ ಸಿಕ್ಕಿ ತುಂಡಾಗುತ್ತದೆ. ಪೊಳ್ಳು ಸರವನ್ನು ಬೆಸೆಯಲು ಹೋದರೆ ಬೆಂಕಿಗೆ ಕೊಳವೆಯೇ ಕುಸಿಯುತ್ತದೆ. ದಿನಬಳಕೆಯ ಸರ ಆರೇಳು ಗ್ರಾಂನ ಕೆಳಗೆ ಮಾಡಿಸಬೇಡಿ ಎನ್ನುವುದು ನನ್ನ ಅನುಭವ.

ಈಗ ಶುದ್ಧತೆಯ ಮಾತು. ಸಣ್ಣ ಒಡವೆ ಕೊಳ್ಳುವವರಿಗೆ ಯಾರೂ ಹೇಳದ ಸಂಗತಿಯೊಂದು ಇದರಲ್ಲಿದೆ.

ಕರ್ನಾಟಕದ ಹಲವು ಜಿಲ್ಲೆಗಳೂ ಸೇರಿದಂತೆ ದೇಶದ 256 ಜಿಲ್ಲೆಗಳಲ್ಲಿ 2021ರ ಜೂನ್‌ನಿಂದ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಆಮೇಲೆ ಇನ್ನಷ್ಟು ಜಿಲ್ಲೆಗಳು ಸೇರಿದವು. 2023ರ ಏಪ್ರಿಲ್ 1ರಿಂದ ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಗುರುತು ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಮಾರುವಂತಿಲ್ಲ. ಒಡವೆಯ ಮೇಲೆ ಮೂರು ಗುರುತು ಇರಬೇಕು: ತ್ರಿಕೋನದ ಬಿಐಎಸ್ ಚಿಹ್ನೆ, 22K916 ಎಂಬ ಶುದ್ಧತೆ, ಆ ಆರು ಅಕ್ಷರ ಅಂಕಿ. ಇದು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯ ಇಲ್ಲ. ಮೂಗುತಿ, ಮಗುವಿನ ಉಂಗುರ, ಬಿಡಿ ತಾಳಿಗುಂಡು, ಪುಟ್ಟ ಪದಕ, ಹೀಗೆ ಕಡಿಮೆ ದುಡ್ಡಿನವರು ಕೊಳ್ಳುವುದೆಲ್ಲ ಆ ಗೆರೆಯ ಕೆಳಗೇ ಬರುತ್ತದೆ. ಚಿನ್ನದ ದರ ಏರಿದಂತೆ ಇನ್ನಷ್ಟು ಜನ ಅದರ ಕೆಳಗೆ ಜಾರುತ್ತಿದ್ದಾರೆ. ಗ್ರಾಂಗೆ 13,000 ಆದ ದಿನ ನಿಮ್ಮ 40,000ಕ್ಕೆ ಬರುವುದು ಸುಮಾರು 2.7 ಗ್ರಾಂ.

ನಿಮ್ಮ ಓಲೆಯ ಜೋಡಿ ಮೂರೂವರೆ ಗ್ರಾಂ ಆದರೂ ಒಂದೊಂದೂ 2 ಗ್ರಾಂ ಒಳಗೇ. ಆದ್ದರಿಂದ ಗುರುತು ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಕಡ್ಡಾಯ ಇಲ್ಲ ಎಂದರೆ ಹಾಕಿಸಬಾರದು ಎಂದಲ್ಲ. ಸಣ್ಣ ಒಡವೆಗೂ ಹಾಕಿಸಿಟ್ಟಿರುವ ಅಂಗಡಿಗಳು ಬೇಕಾದಷ್ಟಿವೆ. ಎರಡೂ ಓಲೆಯಲ್ಲಿ ಎಚ್‌ಯುಐಡಿ ಇರುವುದನ್ನೇ ತೋರಿಸಿ ಎಂದು ಕೇಳಿ. ಇಲ್ಲ ಎಂದರೆ ಬೇರೆ ಜೋಡಿ, ಅದೂ ಇಲ್ಲವಾದರೆ ಬೇರೆ ಅಂಗಡಿ.

ಗುರುತು ಬರಿಗಣ್ಣಿಗೆ ಕಾಣುವುದಿಲ್ಲ, ಅಂಗಡಿಯವರು ಭೂತಗನ್ನಡಿ ಕೊಡಬೇಕು. ಓಲೆಯಲ್ಲಿ ಅದು ಹಿಂಬದಿಯಲ್ಲೋ ಕಡ್ಡಿಯ ಮೇಲೋ ಇರುತ್ತದೆ. ಫೋನಿನಲ್ಲಿ BIS Care ಎಂಬ ಆ್ಯಪ್ ಹಾಕಿಕೊಂಡು, ಅದರ Verify HUID ಎಂಬಲ್ಲಿ ಆ ಆರು ಅಕ್ಷರ ಅಂಕಿ ಹಾಕಿ. ಯಾವ ಒಡವೆ, ಯಾವ ಶುದ್ಧತೆ, ಎಲ್ಲಿ ಪರೀಕ್ಷೆಯಾಯಿತು ಎಂದು ಬರುತ್ತದೆ. ಸಂಖ್ಯೆ ಸಿಕ್ಕಿತು ಎಂದು ಅಲ್ಲಿಗೇ ಫೋನ್ ಜೇಬಿಗಿಡಬೇಡಿ. ಕೈಯಲ್ಲಿರುವುದು ಓಲೆ, ಪರದೆಯಲ್ಲಿ ಉಂಗುರ ಎಂದಿದ್ದರೆ, ಯಾವುದೋ ಒಡವೆಯ ಸಂಖ್ಯೆಯನ್ನು ಇದಕ್ಕೆ ಒತ್ತಿದ್ದಾರೆ ಎಂದು ಅರ್ಥ.

ಕೆಲವು ಅಂಗಡಿಗಳಲ್ಲಿ ಈಗಲೂ 916 ಕೆಡಿಎಂ ಎಂಬ ಮಾತು ಕೇಳುತ್ತೀರಿ. ಕೆಡಿಎಂ ಎಂದರೆ ಬೆಸುಗೆಗೆ ಬಳಸುತ್ತಿದ್ದ ಕ್ಯಾಡ್ಮಿಯಂ ಲೋಹದ ಸುದ್ದಿ, ಅದು ಶುದ್ಧತೆಯ ಗುರುತಲ್ಲ. ಅದರ ಹೊಗೆ ಕುಲುಮೆಯ ಮುಂದೆ ಕೂತವರ ಶ್ವಾಸಕೋಶಕ್ಕೆ ವಿಷ. ಆ ಮಾತು ಹೇಳಿ ಹಾಲ್‌ಮಾರ್ಕ್ ತೋರಿಸದಿದ್ದರೆ ಎದ್ದು ಬನ್ನಿ. ಇನ್ನು ಒಂದು ಗ್ರಾಂ ಚಿನ್ನದ ಒಡವೆ ಎಂದು ಮಾರುವುದು ಬೇರೆ ಲೋಹದ ಮೇಲೆ ಚಿನ್ನದ ಲೇಪ. ನಿಮಗೆ ಗೊತ್ತಿರಬಹುದು, ಆದರೂ ಹೇಳಿದೆ. ಇದನ್ನು ಚಿನ್ನ ಎಂದೇ ತಿಳಿದು ನಾಮಕರಣಕ್ಕೆ ಕೊಂಡು ಹೋದವರನ್ನು ಕಂಡಿದ್ದೇನೆ.

ಕೊಂಡ ಮೇಲೆ ಅನುಮಾನ ಬಂದರೆ ಹಾಲ್‌ಮಾರ್ಕ್ ಕೇಂದ್ರಕ್ಕೆ ನೀವೇ ಒಯ್ದು ಪರೀಕ್ಷೆ ಮಾಡಿಸಬಹುದು, ನಾಲ್ಕು ಒಡವೆಗಳ ತನಕ ಸೇರಿ 200 ರೂಪಾಯಿ ಶುಲ್ಕ. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ, ಕಡಿಮೆಯಾದ ಚಿನ್ನದ ಬೆಲೆಯ ಎರಡರಷ್ಟನ್ನೂ ಪರೀಕ್ಷೆಯ ಖರ್ಚನ್ನೂ ಅಂಗಡಿಯವರು ಕೊಡಬೇಕು ಎಂದು ನಿಯಮವಿದೆ. ಅದಕ್ಕೆ ಬಿಲ್ ಬೇಕು. ಬಿಲ್ಲಿನಲ್ಲಿ ಒಡವೆಯ ಹೆಸರು, ನೆಟ್ ತೂಕ, ಕ್ಯಾರೆಟ್, ಹಾಲ್‌ಮಾರ್ಕ್ ಶುಲ್ಕ ಇವೆಲ್ಲ ಬಿಡಿಬಿಡಿಯಾಗಿ ಇರಬೇಕು. ಎಸ್ಟಿಮೇಟ್ ಎಂದು ಬರೆದ ಬಿಳಿ ಚೀಟಿ ಬಿಲ್ ಅಲ್ಲ. ಜಿಎಸ್‌ಟಿ ಉಳಿಯುತ್ತದೆ ಎಂದು ಆ ಚೀಟಿಗೆ ಒಪ್ಪಿದರೆ, ಸಾವಿರ ರೂಪಾಯಿ ಉಳಿಸಲು ಕೈಯಲ್ಲಿದ್ದ ಒಂದೇ ಸಾಕ್ಷಿಯನ್ನು ಬಿಟ್ಟುಕೊಟ್ಟ ಹಾಗೆ.

ಈಗ ತಂಗಿಯ ಮಗುವಿನ ನಾಮಕರಣ. ಇಲ್ಲಿ ನಿಮ್ಮ ಆಸೆಗೆ ಸ್ವಲ್ಪ ತಣ್ಣೀರು ಎರಚಬೇಕಾಗಿದೆ.

10,000ಕ್ಕೆ ಪುಟ್ಟ ಉಂಗುರ ಬರುತ್ತದೆ. 0.8 ಗ್ರಾಂ, 8,000 ರೂಪಾಯಿ. ಇಷ್ಟು ಸಣ್ಣದಕ್ಕೆ ವೇಸ್ಟೇಜನ್ನು ಶೇಕಡಾ ಲೆಕ್ಕದಲ್ಲಿ ಹಿಡಿಯದೆ, ಒಂದು ಪೀಸಿಗೆ ಕನಿಷ್ಠ ಇಷ್ಟು ಎಂದು ಹಿಡಿಯುತ್ತಾರೆ. 1,200 ಎನ್ನಿ. ತೆರಿಗೆ ಸೇರಿ 9,476. ರೂಪಾಯಿಗೆ 84 ಪೈಸೆ, ಕಾಗದದ ಮೇಲೆ ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಗುರುತಿಲ್ಲದ ಉಂಗುರ 22 ಎಂದು ಹೇಳಿದರೂ 20 ಕ್ಯಾರೆಟ್ ಇದ್ದರೆ ಅದರೊಳಗಿನ ಚಿನ್ನ 7,300ರ ಒಳಗೆ. ಕಣ್ಣಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ, ಪಾಲಿಶ್ ಮಾಡಿದ ಮೇಲೆ ನನಗೂ ಕಾಣುವುದಿಲ್ಲ. ಮೇಲಾಗಿ ಮಗುವಿನ ಬೆರಳಿಗೆ ಅದು ಕೆಲವೇ ತಿಂಗಳು. ಆ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಬೆರಳಿನಿಂದ ಜಾರಿದ ಉಂಗುರ ಗಂಟಲಿಗೆ ಸಿಕ್ಕುವ ಭಯದಿಂದ ಬಹಳ ತಾಯಂದಿರು ಅದೇ ಸಂಜೆ ತೆಗೆದು ಡಬ್ಬಿಗೆ ಹಾಕುತ್ತಾರೆ.

ನಾನು ಹೇಳುವುದಾದರೆ ನಾಮಕರಣಕ್ಕೆ ಬೆಳ್ಳಿ ಒಯ್ಯಿರಿ. ತೊಟ್ಟಿಲಿಗೆ ಹಾಕಿದ ಮಗುವಿಗೆ ಕಾಲ್ಗೆಜ್ಜೆ, ಉಡಿದಾರ, ಹಾಲಿನ ಬಟ್ಟಲು ಇವು ನಮ್ಮಲ್ಲಿ ಹಿಂದಿನಿಂದ ಬಂದದ್ದೇ. ಕಾಲಿಗೆ ಚಿನ್ನ ಹಾಕುವುದಿಲ್ಲವಾದ್ದರಿಂದ, ಚಿನ್ನ ತರಲಾಗದೆ ಗೆಜ್ಜೆ ತಂದ ಎಂದು ಯಾರೂ ಆಡಿಕೊಳ್ಳುವುದಿಲ್ಲ. ಗೆಜ್ಜೆಯ ಒಂದೊಂದು ಗುಂಡನ್ನೂ ಎಳೆದು ನೋಡಿ ಕೊಳ್ಳಿ, ಬೆಸುಗೆ ಸಡಿಲ ಇದ್ದರೆ ಅವೂ ಬಾಯಿಗೆ ಹೋಗುತ್ತವೆ. ಗೆಜ್ಜೆಗೆ ಎಷ್ಟಾಗುತ್ತದೋ ಅಷ್ಟು ಖರ್ಚು ಮಾಡಿ ಉಳಿದದ್ದನ್ನು ಹಾಗೇ ಇಟ್ಟುಕೊಳ್ಳಿ.

ಏಕೆಂದರೆ ನಿಮ್ಮ ಸರದಿ ಬರುವುದು ಆಮೇಲೆ. ಕಿವಿ ಚುಚ್ಚಿಸುವ ದಿನ ಮಗು ಕೂರುವುದು ಸೋದರಮಾವನ ತೊಡೆಯ ಮೇಲೆ. ಅಂದು ಕಿವಿಗೆ ಬೀಳುವ ಚಿನ್ನ ನಿಮ್ಮದಾಗಿರಲಿ. ಅಷ್ಟರಲ್ಲಿ ಇನ್ನೊಂದಿಷ್ಟು ಸೇರಿಸಲು ನಿಮಗೂ ಸಮಯ ಸಿಗುತ್ತದೆ. ಆಗ ಕೊಳ್ಳಬೇಕಾದ್ದು ಗುಂಡು ತಲೆಯ, ಕಲ್ಲಿಲ್ಲದ ಪುಟ್ಟ ಓಲೆ. ತಿರುಪಿನ ತುದಿ ಹೊರಗೆ ಚಾಚದೆ ಮುಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಮಲಗಿದಾಗ ಕಿವಿಯ ಹಿಂದೆ ಚುಚ್ಚುತ್ತದೆ. ಕಡ್ಡಿ ತೀರಾ ದಪ್ಪ ಇರಬಾರದು. ಇದೂ 2 ಗ್ರಾಂ ಕೆಳಗೇ ಬರುತ್ತದೆ, ಗುರುತು ಇರುವುದನ್ನೇ ಹುಡುಕಿ. ಹೊಸದಾಗಿ ಚುಚ್ಚಿದ ಗಾಯಕ್ಕೆ ತಾಗುವ ಲೋಹ ಇದು, ಚಿನ್ನಕ್ಕೆ ಬೆರೆಸಿದ್ದು ಏನೋ ಆಗಿದ್ದರೆ ಕಿವಿ ಕೆಂಪಾಗಿ ಸೋರಲು ಶುರುವಾಗುತ್ತದೆ. ಬಿಳಿ ಚಿನ್ನ ಎಂದು ತೋರಿಸಿದರೆ ಬೇಡ ಎನ್ನಿ, ಅದರಲ್ಲಿ ನಿಕ್ಕಲ್ ಬೆರೆಸುವುದುಂಟು.

ನಾಮಕರಣದ ದಿನವೇ ಚಿನ್ನ ಆಗಬೇಕು ಎಂದು ಮನೆಯಲ್ಲಿ ಹಟ ಇದ್ದರೆ ಇನ್ನೊಂದು ದಾರಿ ಇದೆ. ನಿಮ್ಮ ತಮ್ಮ, ಅಕ್ಕ, ನೀವು ಮೂವರೂ ಬೇರೆ ಬೇರೆ ಮೂರು ಪುಟ್ಟ ಉಂಗುರ ಒಯ್ಯುವ ಬದಲು ಮೂವರ 10,000 ಒಟ್ಟು ಹಾಕಿ. 30,000ಕ್ಕೆ ಎರಡೂವರೆ ಗ್ರಾಂ ದಾಟಿದ ಒಂದು ಪದಕ ಬರುತ್ತದೆ. ಅದು 2 ಗ್ರಾಂ ಗೆರೆಯ ಮೇಲಿದೆ, ಹಾಲ್‌ಮಾರ್ಕ್ ಇಲ್ಲದೆ ಮಾರುವಂತಿಲ್ಲ, ವೇಸ್ಟೇಜೂ ಮೂರು ಸಲದ ಕನಿಷ್ಠದ ಬದಲು ಒಂದೇ ಸಲ. ಅವಳು ಶಾಲೆಗೆ ಹೋಗುವ ವಯಸ್ಸಿಗೆ ದಾರ ಬದಲಿಸಿ ಹಾಕಿಕೊಳ್ಳಬಹುದು. ಆ ತನಕ ಕೊರಳಿಗೆ ಹಾಕಿ ಮಲಗಿಸುವುದು ಬೇಡ ಎಂದು ತಂಗಿಗೆ ಹೇಳಿ.

ಅಂಗಡಿಗೆ ಯಾವಾಗ ಹೋಗಬೇಕು ಎಂದರೆ, ಮದುವೆಗೆ ಎರಡು ಮೂರು ವಾರ ಇರುವಾಗ. ಅಕ್ಷಯ ತದಿಗೆಯ ದಿನವೋ ಮದುವೆಯ ಹಿಂದಿನ ಸಂಜೆಯೋ ಹೋದರೆ ಭೂತಗನ್ನಡಿ ಹಿಡಿದು ನೋಡಲೂ ಜಾಗ ಇರುವುದಿಲ್ಲ. ದರ ಏರುತ್ತದೆ ಎಂಬ ಅಂಜಿಕೆ ಇದ್ದರೆ, ಮುಂಗಡ ಕೊಟ್ಟು ಅಂದಿನ ದರ ಹಿಡಿದಿಡುವ ವ್ಯವಸ್ಥೆ ಕೆಲವು ಅಂಗಡಿಗಳಲ್ಲಿದೆ. ಎಷ್ಟು ದಿನ, ದರ ಇಳಿದರೆ ಯಾವುದು ಲೆಕ್ಕಕ್ಕೆ ಎಂಬ ಎರಡನ್ನೂ ರಸೀದಿಯ ಮೇಲೆ ಬರೆಸಿಕೊಳ್ಳಿ. ಬೆಂಗಳೂರಿಗೆ ಬರುವ ಕೆಲಸವಿದ್ದರೆ ಅವೆನ್ಯೂ ರಸ್ತೆ, ನಗರ್ತಪೇಟೆಯ ಕಡೆ ಒಂದು ಸುತ್ತು ಹಾಕಿ ವೇಸ್ಟೇಜ್ ಕೇಳಿಕೊಂಡು ಬನ್ನಿ. ಕೊಳ್ಳುವುದು ನಿಮ್ಮೂರಲ್ಲೇ ಆಗಲಿ. ತಿರುಪು ಸವೆದರೆ, ಕಡ್ಡಿ ಬಾಗಿದರೆ ನಡೆದು ಹೋಗಿ ಸರಿ ಮಾಡಿಸುವ ಅಂಗಡಿ ಹತ್ತಿರ ಇರಬೇಕು.

ಓಲೆ ಆರಿಸಿದ ಮೇಲೆ ತಿರುಪನ್ನು ನೀವೇ ನಾಲ್ಕು ಸಲ ಹಾಕಿ ತೆಗೆದು ನೋಡಿ. ಒಂದೇ ಹದದಲ್ಲಿ ತಿರುಗಬೇಕು, ಕೊನೆಯಲ್ಲಿ ಬಿಗಿಯಾಗಬೇಕು, ಎಳೆದರೆ ಬರಬಾರದು. ಕಿವಿಯೋಲೆ ಕಳೆದುಹೋಗುವುದು ಹೆಚ್ಚಾಗಿ ತಿರುಪಿನ ಮರೆ ಸವೆದೇ. ತಿರುಪೂ ಚಿನ್ನದ್ದೇ, ಅದರ ತೂಕಕ್ಕೂ ದುಡ್ಡು ಕೊಟ್ಟಿರುತ್ತೀರಿ, ಆದ್ದರಿಂದ ತಿರುಪು ಸೇರಿಸಿ ನಿಮ್ಮ ಕಣ್ಣೆದುರೇ ತೂಗಿಸಿ.

ಬಿಲ್ಲನ್ನು ಡಬ್ಬಿಯ ಜೊತೆ ಮಂಟಪದಲ್ಲಿ ಕೊಡಬೇಡಿ, ಮುಯ್ಯಿಯ ಗದ್ದಲದಲ್ಲಿ ಯಾರ ಕೈಗೋ ಸೇರಿ ಕಳೆಯುತ್ತದೆ. ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡು, ಮದುವೆ ಮುಗಿದ ವಾರ ನಿಮ್ಮ ಅಕ್ಕನ ಮನೆಗೆ ಹೋದಾಗ ಹುಡುಗಿಯ ಕೈಗೇ ಕೊಡಿ. ಆ ಹೊತ್ತಿಗೆ ಓಲೆ ಅವಳ ಕಿವಿಯಲ್ಲಿದೆಯೇ ಇಲ್ಲವೇ ಎಂದೂ ಗೊತ್ತಾಗುತ್ತದೆ.